ಹಳೆಯ ವಿಳಾಸ ಮರಳಿ ಬಂದದ್ದು ಎಲ್ಲಿಂದ?

ವರ್ಡ್‌ಪ್ರೆಸ್ ತಾಣದ ಲಾಗಿನ್ ಪುಟದಲ್ಲಿ `Lost your password?` ಎಂಬ ಸಾಲನ್ನು ಒತ್ತಿದರೆ ಇಮೇಲ್‌ಗೆ ಒಂದು ಲಿಂಕ್ ಹೋಗುತ್ತದೆ. ಯಾವ ಇಮೇಲ್‌ಗೆ ಹೋಯಿತು ಎಂಬುದನ್ನು ಮಾತ್ರ ಆ ಪುಟ ತಿಳಿಸುವುದಿಲ್ಲ. ತಿಳಿಸಬಾರದು ಕೂಡ. ದಾರಿಹೋಕರು ಯಾರು ಬೇಕಾದರೂ ಆ ಸಾಲನ್ನು ಒತ್ತಬಹುದಾದ್ದರಿಂದ ತಾಣದ ಯಜಮಾನರ ವಿಳಾಸವನ್ನು ಅಲ್ಲಿ ತೋರಿಸುವುದು ಅಪಾಯ. ಆದರೆ ಯಜಮಾನರೇ ಹೊರಗೆ ನಿಂತಿರುವಾಗ ಈ ಎಚ್ಚರಿಕೆ ಅವರನ್ನು ಕತ್ತಲಲ್ಲಿ ಇಡುತ್ತದೆ.

ಧಾರವಾಡದ ಒಂದು ಸಾಹಿತ್ಯ ತ್ರೈಮಾಸಿಕದ ತಾಣ ಈ ಸ್ಥಿತಿಯಲ್ಲಿತ್ತು. ಹಳೆಯ ಸಂಚಿಕೆಗಳನ್ನೆಲ್ಲ ಟೈಪ್ ಮಾಡಿಸಿ ಏರಿಸಿದ್ದ ತಾಣ ಅದು. ಅದನ್ನು ಕಟ್ಟಿಕೊಟ್ಟ ತರುಣ ತಾನು ಆಗ ಕೆಲಸ ಮಾಡುತ್ತಿದ್ದ ಕಂಪನಿಯ ಇಮೇಲ್ ವಿಳಾಸವನ್ನೇ ಅಡ್ಮಿನ್ ಖಾತೆಗೆ ಕೊಟ್ಟಿದ್ದ. ಆಮೇಲೆ ಕಂಪನಿ ಬಿಟ್ಟ, ವಿಳಾಸವೂ ಅವನ ಕೈಬಿಟ್ಟಿತು. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಫೋನಿನಲ್ಲಿ ಸಿಕ್ಕವನು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಮನಸಾರೆ ಒಪ್ಪಿದ. ಹೋಸ್ಟಿಂಗ್ ಖಾತೆ ಪತ್ರಿಕೆಯ ಹೆಸರಿನಲ್ಲೇ ಇತ್ತು, ವರ್ಷವರ್ಷವೂ ಬಿಲ್ ಕಟ್ಟುತ್ತಿದ್ದವರು ಸಂಪಾದಕರೇ. ಇಂಥ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ತಾಣದ ಫೈಲುಗಳೂ ಡೇಟಾಬೇಸೂ ಇರುವ ಸರ್ವರಿಗೆ ಹೋಗಲು ನ್ಯಾಯವಾದ ದಾರಿ ಇದ್ದರೆ ಉಳಿದದ್ದಕ್ಕೆಲ್ಲ ಪರಿಹಾರವಿದೆ. ಆ ದಾರಿ ಇಲ್ಲದಿದ್ದರೆ ಹೋಸ್ಟಿಂಗ್ ಕಂಪನಿಗೆ ಗುರುತಿನ ದಾಖಲೆ, ಹಣ ಕಟ್ಟಿದ ರಸೀದಿ ಕೊಟ್ಟು ಮೊದಲು ಆ ಖಾತೆಯನ್ನು ಪಡೆಯಬೇಕು.

ನಾನು ಹೋಗುವ ಮೊದಲೇ ಅಲ್ಲೊಬ್ಬ ವಿದ್ಯಾರ್ಥಿ ಅರ್ಧ ದಾರಿ ನಡೆದಿದ್ದ. ಅವನು ಹೇಳಿದ್ದು: “ಸರ, ವಿಳಾಸ ನಾ ಬದಲಿ ಮಾಡೇನಿ. ಆದ್ರೂ ಮೇಲ್ ಹಳೇದಕ್ಕs ಹೋಗತದ.”

ಎಲ್ಲಿ ಬದಲಿಸಿದೆ ಎಂದು ಕೇಳಿದಾಗ ಅವನು ಸಿಪ್ಯಾನೆಲ್‌ನೊಳಗೆ ಹೋಗಿ phpMyAdmin ತೆರೆದು `wp_options` ಎಂಬ ಟೇಬಲ್ ತೋರಿಸಿದ. ಅದರಲ್ಲಿ `admin_email` ಎಂಬ ಸಾಲಿತ್ತು, ಅದರ ಎದುರು ಪತ್ರಿಕೆಯ ಹೊಸ ವಿಳಾಸ ನೀಟಾಗಿ ಕುಳಿತಿತ್ತು. ಹೆಸರು ನೋಡಿದರೆ ಯಾರಿಗಾದರೂ ಇದೇ ಸರಿ ಅನ್ನಿಸುತ್ತದೆ. ಆದರೆ ಇದು ತಾಣದ ವಿಳಾಸ, ವ್ಯಕ್ತಿಯದ್ದಲ್ಲ. ಹೊಸ ಪ್ರತಿಕ್ರಿಯೆ ಒಪ್ಪಿಗೆಗೆ ಕಾದಿದೆ, ಹೊಸ ಸದಸ್ಯರು ಸೇರಿದರು, ತಾಣದಲ್ಲಿ ದೊಡ್ಡ ದೋಷ ಕಾಣಿಸಿತು ಎಂಬಂಥ ಸುದ್ದಿಗಳನ್ನು ತಾಣ ಈ ವಿಳಾಸಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕ್ ಹೋಗುವುದು ಪ್ರತಿ ಬಳಕೆದಾರರ ಸ್ವಂತ ವಿಳಾಸಕ್ಕೆ. ಅದಿರುವುದು `wp_users` ಟೇಬಲ್‌ನಲ್ಲಿ, `user_email` ಎಂಬ ಅಂಕಣದಲ್ಲಿ. ತಾಣ ಕಟ್ಟುವಾಗ ಎರಡೂ ಕಡೆ ಒಂದೇ ವಿಳಾಸ ಬರೆದುಕೊಳ್ಳುವುದರಿಂದ ಎರಡೂ ಒಂದೇ ಎಂಬ ಭಾವನೆ ಬೇರೂರಿಬಿಡುತ್ತದೆ.

`wp_users` ತೆರೆಯುವ ಮುಂಚೆ ಒಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಆ ಹೋಸ್ಟಿಂಗ್‌ನಲ್ಲಿ ಎರಡು ಡೇಟಾಬೇಸ್‌ಗಳಿದ್ದವು, ಒಂದು ಯಾವುದೋ ಕಾಲದ ಪ್ರಯೋಗದ ಪ್ರತಿ. ಜೀವಂತ ತಾಣ ಯಾವುದನ್ನು ಓದುತ್ತಿದೆ ಎಂಬುದು ತಾಣದ ಫೋಲ್ಡರಿನ `wp-config.php` ಫೈಲಿನಲ್ಲಿ `DB_NAME` ಎಂಬಲ್ಲಿ ಬರೆದಿರುತ್ತದೆ. ಟೇಬಲ್ ಹೆಸರುಗಳು `wp_` ಎಂದೇ ಶುರುವಾಗಬೇಕೆಂದೂ ಇಲ್ಲ, ಅದೇ ಫೈಲಿನ `$table_prefix` ನೋಡಬೇಕು. ಇಲ್ಲಿ ಅದು `wp_` ಆಗಿಯೇ ಇತ್ತು. ಇಡೀ ಡೇಟಾಬೇಸನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡು ಈ ಸಾಲು ಓಡಿಸಿದೆವು:

```sql
SELECT ID, user_login, user_email, user_activation_key
FROM wp_users;
```

ನಿರೀಕ್ಷಿಸಿದಂತೆ ಮೊದಲ ಸಾಲಿನಲ್ಲಿ, 1ನೇ ID ಎದುರಿಗೆ, ಆ ತರುಣನ ಹಳೆಯ ಕಂಪನಿಯ ವಿಳಾಸವಿತ್ತು. ವಿದ್ಯಾರ್ಥಿ ಆ ಕೋಶದ ಮೇಲೆ ಎರಡು ಸಲ ಒತ್ತಿ ಪತ್ರಿಕೆಯ ವಿಳಾಸ ಬರೆದ. ಉಳಿಯಿತು ಎಂದು ಹಸಿರು ಪಟ್ಟಿಯೂ ಬಂತು. ಲಾಗಿನ್ ಪುಟಕ್ಕೆ ಹೋಗಿ ಬಳಕೆದಾರನ ಹೆಸರು ಕೊಟ್ಟು ಲಿಂಕ್ ಕೇಳಿದೆವು. ಪತ್ರಿಕೆಯ ಇನ್‌ಬಾಕ್ಸ್ ಖಾಲಿ. ಸ್ಪ್ಯಾಮ್ ಕೂಡ ಖಾಲಿ.

ಮೇಲ್ ಬಾರದಿರಲು ನೂರು ಕಾರಣಗಳಿರುತ್ತವೆ, ಅದೊಂದರಿಂದಲೇ ಏನನ್ನೂ ಹೇಳಲಾಗದು. ವಿಚಿತ್ರ ಕಂಡದ್ದು phpMyAdmin ಪುಟವನ್ನು ಮತ್ತೆ ತೆರೆದಾಗ. `user_email` ಕೋಶದಲ್ಲಿ ಕಂಪನಿಯ ಹಳೆಯ ವಿಳಾಸ ಮರಳಿ ಬಂದು ಕೂತಿತ್ತು.

ವಿದ್ಯಾರ್ಥಿ ಇನ್ನೊಮ್ಮೆ ಬದಲಿಸಿದ. ಪುಟವನ್ನು ಎಷ್ಟು ಸಲ ತೆರೆದು ನೋಡಿದರೂ ಹೊಸ ವಿಳಾಸವೇ ಇದೆ. ಲಾಗಿನ್ ಪುಟದಲ್ಲಿ ಲಿಂಕ್ ಕೇಳಿದ ಮರುಕ್ಷಣ ಹಳೆಯದು ಹಾಜರು. ಯಾರೋ ಒಳಗಿದ್ದಾರೆ, ನಾವು ಬರೆದದ್ದನ್ನು ಅಳಿಸುತ್ತಿದ್ದಾರೆ ಎಂದು ಸಂಪಾದಕರಿಗೆ ಗಾಬರಿಯಾಯಿತು. ತಾಣಕ್ಕೆ ಹ್ಯಾಕರ್ ನುಗ್ಗಿದ್ದರೆ ಹೀಗಾಗುವುದೂ ಉಂಟು, ಆದ್ದರಿಂದ ಆ ಗಾಬರಿಯನ್ನು ತಳ್ಳಿಹಾಕುವಂತಿರಲಿಲ್ಲ.

ಉತ್ತರ ಪಕ್ಕದ ಅಂಕಣದಲ್ಲಿತ್ತು. `user_activation_key` ಎಂಬ ಅಂಕಣ ಸಾಮಾನ್ಯವಾಗಿ ಖಾಲಿ ಇರುತ್ತದೆ. ಯಾರಾದರೂ ಲಿಂಕ್ ಕೇಳಿದಾಗ ವರ್ಡ್‌ಪ್ರೆಸ್ ಒಂದು ಗುಟ್ಟಿನ ಕೀಲಿ ಹುಟ್ಟಿಸಿ, ಅದನ್ನು ಮೇಲ್‌ನಲ್ಲಿ ಕಳಿಸಿ, ಅದರ ಹ್ಯಾಶ್ ಅನ್ನು ಇಲ್ಲಿ ಬರೆದಿಡುತ್ತದೆ. ಮೊದಲಿಗೆ ಹತ್ತು ಅಂಕಿ, ಆಮೇಲೆ ಎರಡು ಚುಕ್ಕಿ, ಆಮೇಲೆ ಹ್ಯಾಶ್. ಹತ್ತು ಅಂಕಿಗಳು ಕೇಳಿದ ಹೊತ್ತನ್ನು ಹೇಳುತ್ತವೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು, ಅಲ್ಲಿಂದ 24 ಗಂಟೆ ಕಳೆದರೆ ಲಿಂಕ್ ಕೆಲಸ ಮಾಡುವುದಿಲ್ಲ. ಬಹಳ ಹಿಂದೆ ಈ ಕೀಲಿಯನ್ನು ಹ್ಯಾಶ್ ಮಾಡದೆ ಹಾಗೆಯೇ ಬರೆದಿಡುತ್ತಿದ್ದರು. ಆಗ ಡೇಟಾಬೇಸ್ ಓದಬಲ್ಲವರು ಕೀಲಿಯನ್ನು ಎತ್ತಿಕೊಂಡು ಲಿಂಕನ್ನು ತಾವೇ ಜೋಡಿಸಬಹುದಿತ್ತು. 2013ರ 3.7ನೇ ಆವೃತ್ತಿಯಿಂದ ಆ ದಾರಿ ಮುಚ್ಚಿದೆ.

ಆ ಹತ್ತು ಅಂಕಿಗಳನ್ನು ಗಡಿಯಾರದ ಹೊತ್ತಿಗೆ ತಂದು ನೋಡಿದಾಗ ಅದು ನಾವು ಗುಂಡಿ ಒತ್ತಿದ ಹೊತ್ತೇ ಆಗಿತ್ತು. ಅಂದರೆ ಕೀಲಿ ಬರೆದದ್ದು ವರ್ಡ್‌ಪ್ರೆಸ್. ಹಳೆಯ ವಿಳಾಸ ಮರಳಿದ್ದೂ ಅದೇ ಕ್ಷಣದಲ್ಲಿ. ಎರಡನ್ನೂ ಒಂದೇ ಕೈ ಬರೆದಿದ್ದರೆ ಹ್ಯಾಕರ್‌ನ ಅಗತ್ಯವೇ ಇಲ್ಲ. ಈಚಿನ ವರ್ಡ್‌ಪ್ರೆಸ್ ಕೀಲಿಯನ್ನು ಒಂದೇ ಕೋಶಕ್ಕೆ ಬರೆದು ಸುಮ್ಮನಾಗುವುದಿಲ್ಲ. ಅದು `wp_update_user` ಎಂಬ ಫಂಕ್ಷನ್ ಕರೆಯುತ್ತದೆ. ಆ ಫಂಕ್ಷನ್ ಬಳಕೆದಾರನ ಈಗಿನ ವಿವರಗಳನ್ನೆಲ್ಲ ಮೊದಲು ಓದಿಕೊಂಡು, ಅದಕ್ಕೆ ಹೊಸ ಕೀಲಿ ಸೇರಿಸಿ, ಪಾಸ್‌ವರ್ಡ್ ಹ್ಯಾಶ್, ಇಮೇಲ್ ಎಲ್ಲ ಸೇರಿದಂತೆ ವಿವರಗಳನ್ನು ಮತ್ತೆ ಟೇಬಲ್‌ಗೆ ಬರೆಯುತ್ತದೆ. ಟೇಬಲ್‌ನಲ್ಲಿ ಇದ್ದದ್ದನ್ನೇ ಓದಿ ಬರೆದರೆ ಏನೂ ಬದಲಾಗಬಾರದು. ಬದಲಾಗಿದೆ ಎಂದರೆ ಅದು ಓದಿದ್ದು ಟೇಬಲ್‌ನಿಂದಲ್ಲ. ಹಳೆಯ ವಿಳಾಸದ ಇನ್ನೊಂದು ಪ್ರತಿ ಎಲ್ಲೋ ಇರಬೇಕು.

ಹಾಗೆ ಯೋಚಿಸಿದ ಮೇಲೆ ಹುಡುಕಬೇಕಾದ ಜಾಗ ಒಂದೇ. ತಾಣದ `wp-content` ಫೋಲ್ಡರಿನಲ್ಲಿ `object-cache.php` ಎಂಬ ಫೈಲಿದೆಯೇ ಎಂದು ನೋಡಿದೆವು. ಇತ್ತು. ಫೈಲಿನ ಮೊದಲ ಸಾಲುಗಳಲ್ಲೇ ರೆಡಿಸ್ ಹೆಸರಿತ್ತು. ತಾಣ ನಿಧಾನವಾಗಿದೆ ಎಂದು ಹಿಂದೊಮ್ಮೆ ಯಾರೋ ಹಾಕಿಸಿದ್ದರಂತೆ. ಇದು ಮಾಡುವ ಕೆಲಸ ಒಳ್ಳೆಯದೇ. ಡೇಟಾಬೇಸಿನಿಂದ ಒಮ್ಮೆ ಓದಿದ್ದನ್ನು ಸರ್ವರಿನ ಮೆಮೊರಿಯಲ್ಲಿ ಇಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಕೊಡುತ್ತದೆ. ಅವಧಿ ನಿಗದಿ ಮಾಡಿಲ್ಲದಿದ್ದರೆ ಆ ಪ್ರತಿ ದಿನಗಟ್ಟಲೆ ಹಾಗೆಯೇ ಉಳಿಯಬಹುದು. ವರ್ಡ್‌ಪ್ರೆಸ್ ಮೂಲಕ ವಿಳಾಸ ಬದಲಿಸಿದ್ದರೆ ಅದು ಮೆಮೊರಿಯ ಪ್ರತಿಯನ್ನೂ ತೆಗೆದುಹಾಕುತ್ತಿತ್ತು. phpMyAdmin ಬದಲಿಸುವುದು ಟೇಬಲನ್ನು ಮಾತ್ರ, ರೆಡಿಸ್‌ಗೆ ಅದರ ಸುಳಿವೇ ಸಿಗುವುದಿಲ್ಲ. ಲಾಗಿನ್ ಆಗಿ ಎಷ್ಟೋ ಕಾಲ ಕಳೆದಿರುವ ಒಬ್ಬನ ವಿವರ ಮೆಮೊರಿಯಲ್ಲಿ ಯಾಕಿತ್ತು ಎಂದು ವಿದ್ಯಾರ್ಥಿ ಕೇಳಿದ್ದು ಸರಿಯಾದ ಪ್ರಶ್ನೆ. ಹಳೆಯ ಸಂಚಿಕೆಗಳ ಅಷ್ಟೂ ಬರಹಗಳು ಆ ತರುಣನ ಖಾತೆಯಿಂದಲೇ ಏರಿದ್ದವು. ಓದುಗರು ಒಂದು ಬರಹ ತೆರೆದರೆ ಸಾಕು, ಅದನ್ನು ಏರಿಸಿದವರ ವಿವರವನ್ನು ವರ್ಡ್‌ಪ್ರೆಸ್ ಕೇಳುತ್ತದೆ, ರೆಡಿಸ್ ಕೊಡುತ್ತದೆ.

ಕಾರಣ ಗೊತ್ತಾದ ಮೇಲೆ ಮಾಡುವ ಕೆಲಸದ ಅನುಕ್ರಮ ಮುಖ್ಯ. ಮೊದಲು ಟೇಬಲ್ ಬದಲಿಸಬೇಕು, ಆಮೇಲೆ ಕ್ಯಾಶ್ ಖಾಲಿ ಮಾಡಬೇಕು. ತಿರುವುಮುರುವಾದರೆ, ನಡುವೆ ಯಾರೋ ಓದುಗರು ಪುಟ ತೆರೆದಾಗ ಹಳೆಯ ವಿವರವೇ ಮತ್ತೆ ಮೆಮೊರಿಗೆ ಏರಿಬಿಡುತ್ತದೆ. ಸಿಪ್ಯಾನೆಲ್‌ನ ಟರ್ಮಿನಲ್ ತೆರೆದು, ತಾಣದ ಫೋಲ್ಡರಿಗೆ ಹೋಗಿ ಕೊಟ್ಟ ಆದೇಶ ಇಷ್ಟೇ:

```
wp cache flush
```

ಟರ್ಮಿನಲ್ ಇಲ್ಲದ ಕಡೆ ಹೋಸ್ಟಿಂಗ್ ಪ್ಯಾನೆಲ್‌ನಲ್ಲೇ ಕ್ಯಾಶ್ ಖಾಲಿ ಮಾಡುವ ಗುಂಡಿ ಇರುವುದುಂಟು. `object-cache.php` ಫೈಲಿನ ಹೆಸರು ಬದಲಿಸಿದರೂ ವರ್ಡ್‌ಪ್ರೆಸ್ ರೆಡಿಸ್ ಕಡೆ ತಿರುಗುವುದನ್ನು ಬಿಟ್ಟು ನೇರ ಟೇಬಲ್ ಓದುತ್ತದೆ. ಆದರೆ ರೆಡಿಸ್‌ನೊಳಗಿನ ಪ್ರತಿ ಅಲ್ಲೇ ಇರುತ್ತದೆ. ಒಳಗೆ ಹೋದ ಸಂತೋಷದಲ್ಲಿ ಫೈಲಿಗೆ ಮೊದಲಿನ ಹೆಸರು ಕೊಟ್ಟು, ಕ್ಯಾಶ್ ಖಾಲಿ ಮಾಡದೆ ಬಿಟ್ಟರೆ, ಹಳೆಯ ವಿಳಾಸ ಮತ್ತು ಹಳೆಯ ಪಾಸ್‌ವರ್ಡ್ ಎರಡೂ ತಿರುಗಿ ಜೀವ ಪಡೆಯುತ್ತವೆ. ಹೆಸರು ಬದಲಿಸಿದ ಸ್ಥಿತಿಯಲ್ಲಿ `wp cache flush` ಓಡಿಸಿದರೆ ಅದು ರೆಡಿಸ್ ಅನ್ನು ಮುಟ್ಟುವುದೇ ಇಲ್ಲ ಎಂಬುದೂ ನೆನಪಿರಲಿ. ರೆಡಿಸ್ ಇರುವ ತಾಣವೆಂದು ಮೊದಲೇ ತಿಳಿದಿದ್ದು, ಟರ್ಮಿನಲ್ಲೂ ಇದ್ದರೆ phpMyAdmin ಗೋಜಿಗೇ ಹೋಗದೆ `wp user update` ಆದೇಶದಿಂದ ವಿಳಾಸ ಬದಲಿಸುವುದು ಲೇಸು. ಅದು ವರ್ಡ್‌ಪ್ರೆಸ್ ಮೂಲಕವೇ ಕೆಲಸ ಮಾಡುವುದರಿಂದ ಟೇಬಲ್ಲೂ ಕ್ಯಾಶೂ ಒಟ್ಟಿಗೆ ಸರಿಹೋಗುತ್ತವೆ.

ಕ್ಯಾಶ್ ಖಾಲಿಯಾದ ಮೇಲೆ ಲಿಂಕ್ ಕೇಳಿದಾಗ ಕೋಶದಲ್ಲಿ ಹೊಸ ವಿಳಾಸ ಅಲುಗಾಡದೆ ನಿಂತಿತು. ಕೀಲಿಯ ಅಂಕಿಗಳು ಹೊಸದಾದವು. ಆದರೂ ಇನ್‌ಬಾಕ್ಸ್ ಖಾಲಿ.

ಈ ಸಲದ ಕಾರಣ ಬೇರೆ, ಅದು ಊಹಿಸಲು ಸುಲಭವಾದದ್ದು. ವರ್ಡ್‌ಪ್ರೆಸ್ ತಾನಾಗಿ ಕಳಿಸುವ ಮೇಲ್ `wordpress@` ಎಂದು ಶುರುವಾಗಿ ತಾಣದ ಡೊಮೈನ್ ಹೆಸರಿನೊಂದಿಗೆ ಮುಗಿಯುವ ವಿಳಾಸದಿಂದ, ಸರ್ವರಿನಿಂದ ನೇರವಾಗಿ ಹೊರಡುತ್ತದೆ. ಆ ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಒಪ್ಪಿಗೆ ಇದೆ ಎಂದು ಸಾರುವ ಎಸ್‌ಪಿಎಫ್ ದಾಖಲೆ ಪತ್ರಿಕೆಯ ಡೊಮೈನ್‌ಗೆ ಇರಲೇ ಇಲ್ಲ. ಡಿಕೆಐಎಂ ಸಹಿಯೂ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರೂ ಈ ಎರಡರಲ್ಲಿ ಒಂದನ್ನಾದರೂ ಹೊಂದಿರಬೇಕು ಎನ್ನುತ್ತದೆ. ಪತ್ರಿಕೆಯ ಹೊಸ ವಿಳಾಸ ಜಿಮೇಲ್‌ನದೇ. ಡಿಎನ್‌ಎಸ್‌ಗೆ ದಾಖಲೆ ಸೇರಿಸಿ ಅದು ಎಲ್ಲೆಡೆ ಹರಡುವವರೆಗೆ ಕಾಯಬಹುದಿತ್ತು. ಆದರೆ ಡೇಟಾಬೇಸ್ ಕೈಯಲ್ಲಿರುವಾಗ ಮೇಲ್‌ನ ಹಂಗೇ ಬೇಕಿಲ್ಲ, ಪಾಸ್‌ವರ್ಡನ್ನೇ ಬದಲಿಸಬಹುದು.

ಇಲ್ಲಿ ವರ್ಡ್‌ಪ್ರೆಸ್ ಇತಿಹಾಸದ ಒಂದು ಪದರ ನೆರವಿಗೆ ಬರುತ್ತದೆ, ಅದರ ಬಗ್ಗೆ ನನಗೆ ತುಂಬ ಗೌರವ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರುಮಾಡಿದ ಈ ತಂತ್ರಾಂಶ ತನ್ನ ಮೊದಲ ವರ್ಷಗಳಲ್ಲಿ ಪಾಸ್‌ವರ್ಡ್‌ಗಳನ್ನು ಎಂಡಿ5 ಹ್ಯಾಶ್ ರೂಪದಲ್ಲಿ ಇಡುತ್ತಿತ್ತು. ಎಂಡಿ5 ಎಂದರೆ ಯಾವ ಪದ ಕೊಟ್ಟರೂ 32 ಅಕ್ಷರಗಳ ಒಂದು ಸರಣಿ ಹೊರಡಿಸುವ ಲೆಕ್ಕ. ಆ ಲೆಕ್ಕ ತೀರ ವೇಗವಾಗಿ ಮುಗಿಯುತ್ತದೆ. ಕದ್ದ ಹ್ಯಾಶ್ ಕೈಗೆ ಸಿಕ್ಕವರು ಕೋಟಿಗಟ್ಟಲೆ ಪದಗಳನ್ನು ಹೊಂದಿಸಿ ನೋಡಬಹುದಾದ್ದರಿಂದ ಅದು ಪಾಸ್‌ವರ್ಡ್ ಕಾಯಲು ತಕ್ಕದ್ದಲ್ಲ. 2008ರ ಮಾರ್ಚ್‌ನಲ್ಲಿ ಬಂದ 2.5ನೇ ಆವೃತ್ತಿ ಅದನ್ನು ಬಿಟ್ಟು, ಬೇಕೆಂದೇ ನಿಧಾನ ಮಾಡುವ ಪಿಎಚ್‌ಪಾಸ್ ಪದ್ಧತಿಗೆ ಬಂತು. `$P$B` ಎಂದು ಶುರುವಾಗುವ ಹ್ಯಾಶ್‌ಗಳು ಅದರವು. 2025ರ ಏಪ್ರಿಲ್‌ನ 6.8ನೇ ಆವೃತ್ತಿ ಇನ್ನೂ ಗಟ್ಟಿಯಾದ ಬಿಕ್ರಿಪ್ಟ್ ಹಿಡಿಯಿತು, ಅದರ ಗುರುತು `$wp$2y$`.

ಪದ್ಧತಿ ಬದಲಿಸುವವರ ಮುಂದೆ ಒಂದು ತೊಡಕಿತ್ತು. ಹ್ಯಾಶ್‌ನಿಂದ ಪಾಸ್‌ವರ್ಡನ್ನು ಮರಳಿ ತೆಗೆಯಲಾಗದು, ಆದ್ದರಿಂದ ಹಳೆಯ ಹ್ಯಾಶ್‌ಗಳನ್ನು ಒಂದೇ ರಾತ್ರಿಯಲ್ಲಿ ಹೊಸದಕ್ಕೆ ಪರಿವರ್ತಿಸಲು ಬಾರದು. ಲಕ್ಷಾಂತರ ತಾಣಗಳ ಬಳಕೆದಾರರನ್ನು ಹೊರಗೆ ನಿಲ್ಲಿಸುವಂತೆಯೂ ಇಲ್ಲ. ಅವರು ಕಂಡುಕೊಂಡ ಉಪಾಯ ಹೀಗಿದೆ: ಕೋಶದಲ್ಲಿರುವುದು 32 ಅಕ್ಷರ ಮೀರದಿದ್ದರೆ ಅದನ್ನು ಎಂಡಿ5 ಎಂದೇ ತಿಳಿದು ಪರೀಕ್ಷಿಸು, ಸರಿಹೊಂದಿದರೆ ಒಳಗೆ ಬಿಡು. ಬಳಕೆದಾರ ಆಗತಾನೆ ಪಾಸ್‌ವರ್ಡ್ ಟೈಪ್ ಮಾಡಿರುವುದರಿಂದ ಅದೇ ಕ್ಷಣದಲ್ಲಿ ಹೊಸ ಪದ್ಧತಿಯ ಹ್ಯಾಶ್ ಮಾಡಿ ಕೋಶದಲ್ಲಿ ಬರೆದುಬಿಡು. ಹಳೆಯ ಬಳಕೆದಾರರ ಮೇಲಿನ ಕಾಳಜಿಯಿಂದ 2008ರಲ್ಲಿ ಬರೆದ ಈ ಏರ್ಪಾಡು ಬಿಕ್ರಿಪ್ಟ್ ಬಂದ ಮೇಲೂ ಉಳಿದಿದೆ. `$wp$2y$` ಎಂದು ಶುರುವಾಗುವ ಹ್ಯಾಶನ್ನು phpMyAdmin ತಾನಾಗಿ ತಯಾರಿಸಿಕೊಡುವುದಿಲ್ಲ. ಎಂಡಿ5 ಹ್ಯಾಶನ್ನು ಡೇಟಾಬೇಸೇ ತಯಾರಿಸಿಕೊಡುತ್ತದೆ:

```sql
UPDATE wp_users
SET user_pass = MD5('ಇಲ್ಲಿ-ಹೊಸ-ಪಾಸ್‌ವರ್ಡ್')
WHERE ID = 1;
```

ಕೊನೆಯ ಸಾಲನ್ನು ಬಿಟ್ಟರೆ ತಾಣದ ಪ್ರತಿಯೊಬ್ಬರ ಪಾಸ್‌ವರ್ಡೂ ಒಂದೇ ಆಗಿಬಿಡುತ್ತದೆ, ಆದ್ದರಿಂದ ಓಡಿಸುವ ಮುಂಚೆ ಅದನ್ನು ಎರಡು ಸಲ ನೋಡಬೇಕು. ಆದೇಶ ಬರೆಯಲು ಇಷ್ಟವಿಲ್ಲದವರು phpMyAdminನಲ್ಲಿ ಆ ಸಾಲಿನ `Edit` ಒತ್ತಿ, `user_pass` ಪಕ್ಕದ `Function` ಪಟ್ಟಿಯಲ್ಲಿ `MD5` ಆರಿಸಿ ಪಾಸ್‌ವರ್ಡ್ ಬರೆಯಬಹುದು. ಆ ಪಟ್ಟಿಯಿಂದ ಆರಿಸದೆ ಪಾಸ್‌ವರ್ಡನ್ನು ಮಾತ್ರ ಬರೆದರೆ ಅದು ಕೋಶದಲ್ಲಿ ಬರಿಗಣ್ಣಿಗೆ ಓದುವಂತೆ ಕೂರುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ.

ಕೋಶದಲ್ಲಿ 32 ಅಕ್ಷರಗಳು ಬಂದು ಕೂತವು. ಕ್ಯಾಶ್ ಮತ್ತೊಮ್ಮೆ ಖಾಲಿ ಮಾಡಿದೆವು. ಸಂಪಾದಕರು ತಾವೇ ಟೈಪ್ ಮಾಡಿದರು, ಡ್ಯಾಶ್‌ಬೋರ್ಡ್ ತೆರೆದುಕೊಂಡಿತು. ನನಗೆ ನೋಡಬೇಕಿದ್ದದ್ದು phpMyAdmin ಪುಟ. ರಿಫ್ರೆಶ್ ಮಾಡಿದರೆ 32 ಅಕ್ಷರಗಳ ಜಾಗದಲ್ಲಿ `$wp$2y$` ಎಂದು ಶುರುವಾಗುವ ಉದ್ದದ ಹ್ಯಾಶ್ ಬಂದಿತ್ತು. ಎಂಡಿ5 ದುರ್ಬಲವಲ್ಲವೇ ಎಂಬ ಆತಂಕ ಆ ಕೆಲವು ನಿಮಿಷಗಳಿಗೆ ಸೀಮಿತ. ತಾಣ ಇದೇ ಸಾಲನ್ನು ಓದುತ್ತಿದೆ, ಇದಕ್ಕೇ ಬರೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಲಾಗಿನ್ ಆಗದೆ 32 ಅಕ್ಷರಗಳು ಹಾಗೆಯೇ ಉಳಿದಿದ್ದರೆ ಕ್ಯಾಶ್ ಅಥವಾ ಬೇರೆ ಡೇಟಾಬೇಸ್ ಕಡೆ ನೋಡಬೇಕು. ಪಾಸ್‌ವರ್ಡ್ ಪರೀಕ್ಷೆಯನ್ನೇ ಬದಲಿಸುವ ಪ್ಲಗಿನ್ ಇರುವ ತಾಣಗಳಲ್ಲಿ ಈ ಎಂಡಿ5 ದಾರಿ ನಡೆಯದಿರಬಹುದು. ಎರಡನೇ ಹಂತದ ಒಟಿಪಿ ಕೇಳುವ ತಾಣಗಳಲ್ಲಿ ಪಾಸ್‌ವರ್ಡ್ ಒಂದರಿಂದಲೇ ಕೆಲಸವಾಗುವುದಿಲ್ಲ, ಆ ಪ್ಲಗಿನ್‌ನ ಫೋಲ್ಡರಿನ ಹೆಸರು ಬದಲಿಸಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ.

ಒಳಗೆ ಹೋದ ಮೇಲೆ ಉಳಿದದ್ದು ಹಳೆಯ ವಿಳಾಸದ ಚಿಂತೆ. ಆ ತರುಣ ಬಿಟ್ಟ ಕಂಪನಿಯಲ್ಲಿ ಅವನ ಮೇಲ್‌ಗಳನ್ನು ಈಗ ಬೇರೊಬ್ಬರಿಗೆ ತಿರುಗಿಸಿರಬಹುದು. ಹಾಗಿದ್ದರೆ ವಿದ್ಯಾರ್ಥಿ ಒತ್ತಿದ ಪ್ರತಿ ಸಲವೂ ತಾಣದೊಳಗೆ ಹೋಗುವ ಲಿಂಕ್ ಆ ಅಪರಿಚಿತರ ಕೈಸೇರಿದೆ, ಒಂದು ದಿನದ ಮಟ್ಟಿಗೆ ಅದು ಚಾಲ್ತಿಯಲ್ಲೂ ಇರುತ್ತದೆ. ಹೊಸದಾಗಿ ಕೇಳಿದಾಗ ಹಿಂದಿನ ಕೀಲಿ ಅಳಿದುಹೋಗುತ್ತದೆ ಎಂಬುದೊಂದು ಸಮಾಧಾನ. ಮೇಲ್ ಹೋಗುವ ವಿಳಾಸ ನಮ್ಮದಲ್ಲ ಎಂದು ಗೊತ್ತಾದ ಮೇಲೆ ಆ ಸಾಲನ್ನು ಸುಮ್ಮನೆ ಒತ್ತುತ್ತಿರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪ್ರೊಫೈಲ್ ಪುಟದಲ್ಲಿ `Application Passwords` ಎಂಬ ಭಾಗವನ್ನೂ ನೋಡಿದೆವು. ಹೊರಗಿನ ಆ್ಯಪ್‌ಗಳಿಗೆ ಕೊಡುವ ಆ ಪಾಸ್‌ವರ್ಡ್‌ಗಳು ಮುಖ್ಯ ಪಾಸ್‌ವರ್ಡ್ ಬದಲಾದರೂ ಸಾಯುವುದಿಲ್ಲ. ಅಲ್ಲಿ ಹಳೆಯದೊಂದು ಇತ್ತು, ರದ್ದು ಮಾಡಿದೆವು.

ಆಮೇಲೆ ಸಂಪಾದಕರ ಹೆಸರಿನಲ್ಲಿ ಬೇರೆಯೇ ಅಡ್ಮಿನ್ ಖಾತೆ ತೆರೆಯುವ ಮಾತು ಬಂತು. ಒಂದು ವಿಳಾಸಕ್ಕೆ ವರ್ಡ್‌ಪ್ರೆಸ್ ಒಂದೇ ಖಾತೆ ಕೊಡುವುದರಿಂದ ಅವರ ಸ್ವಂತ ಇಮೇಲ್ ಕೊಟ್ಟೆವು. ತರುಣನ ಖಾತೆಯನ್ನು ಅಳಿಸುವಾಗ ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಬಳಕೆದಾರ ಏರಿಸಿದ ಬರಹಗಳನ್ನು ಏನು ಮಾಡಲಿ? `Delete all content` ಎಂದರೆ ಹಳೆಯ ಸಂಚಿಕೆಗಳೆಲ್ಲ ಖಾತೆಯ ಜೊತೆಗೇ ಹೋಗುತ್ತಿದ್ದವು. ವಿದ್ಯಾರ್ಥಿ `Attribute all content to` ಆರಿಸಿ, ಪಕ್ಕದ ಪಟ್ಟಿಯಲ್ಲಿ ಸಂಪಾದಕರ ಹೆಸರು ಇಟ್ಟು, ಒತ್ತುವ ಮುಂಚೆ ಅವರ ಕಡೆ ತಿರುಗಿ “ಹಾಕ್ಲ್ಯಾ ಸರ?” ಎಂದು ಕೇಳಿದ.